ಅಲೋಹಾ ಎನ್ನುವ ಮೊದಲು

ಮೊನ್ನೆ ಟೆಕ್ಸಸ್ಸಿನ ಪ್ಲೇನೋದ ಒಂದು ಅಂಗಡಿಯಲ್ಲಿ ಬಾತ್‌ರೂಮಿಗೆ ಕಾಲೊರಸು ಹುಡುಕುತ್ತಿದ್ದೆ. ಅಳತೆಗೆ ಸರಿಯಾಗಿ ಸಿಕ್ಕಿದ್ದರ ಮೇಲೆ ದಾಸವಾಳದ ಚಿತ್ರ, ಅದರ ಕೆಳಗೆ ದೊಡ್ಡ ಅಕ್ಷರದಲ್ಲಿ ‘ಅಲೋಹಾ’, ಹವಾಯಿ ದ್ವೀಪದವರ ನಮಸ್ಕಾರ. ನೀವಾಗಿದ್ದರೆ ಏನು ಮಾಡುತ್ತಿದ್ದಿರೋ, ನಾನಂತೂ ಅದನ್ನು ಅಲ್ಲೇ ಇಟ್ಟು ಬೂದು ಬಣ್ಣದ ಬೋಳು ಕಾಲೊರಸು ತಂದೆ. ಆ ಮಾತಿನ ಮೇಲೆ ಒದ್ದೆ ಕಾಲಿಡಲು ಮನಸ್ಸು ಬರಲಿಲ್ಲ.

ಈ ಮಡಿವಂತಿಕೆ ನನ್ನ ಹುಟ್ಟುಗುಣವಲ್ಲ. ಐದಾರು ವರ್ಷದ ಹಿಂದೆ ನಾನು ಕಾಂಟ್ರ್ಯಾಕ್ಟ್ ಮೇಲಿದ್ದ ಸಾಫ್ಟ್‌ವೇರ್ ಆಫೀಸಿನಲ್ಲಿ ಪ್ರತಿ ಶುಕ್ರವಾರ ಬೆಳಿಗ್ಗೆ ಒಂದು ಮೇಲ್ ಬರುತ್ತಿತ್ತು: ‘ಅಲೋಹಾ, ನಮ್ಮ ಒಹಾನಕ್ಕೆ!’ ಒಹಾನ ಎಂದರೆ ಕುಟುಂಬ ಎಂದು ಕೆಳಗೆ ಟಿಪ್ಪಣಿ. ಅವತ್ತು ಎಲ್ಲರೂ ಹೂವಿನ ಶರ್ಟು ಹಾಕಬೇಕು. ನಾನೂ ಒಂದು ಕೊಂಡಿದ್ದೆ, ಗಿಳಿಗಳಿರುವುದು. ಅದನ್ನು ಹಾಕಿಕೊಂಡು ದಿನಕ್ಕೆ ಹನ್ನೊಂದು ಗಂಟೆ ಕೂತು ಬೇರೆಯವರ ಕೋಡಿನ ತಪ್ಪು ಹುಡುಕುತ್ತಿದ್ದೆ. ಸುಸ್ತು ಎನ್ನುವುದು ಆಗ ನನಗೆ ಕಾಯಿಲೆಯಾಗಿರಲಿಲ್ಲ, ವಿಳಾಸವಾಗಿತ್ತು.

ಹೂವಿನ ಶರ್ಟು ಹಾಕದೆ ಬರುತ್ತಿದ್ದವರು ಇಡೀ ಮಹಡಿಯಲ್ಲಿ ಒಬ್ಬರೇ, ನನ್ನ ಎದುರಿನ ಮೇಜಿನ ಮಾಲಿಯಾ ಆಂಟಿ. ನಿಜವಾಗಿ ಹವಾಯಿಯವರು ಅವರೊಬ್ಬರೇ. ಅರವತ್ತರ ಹತ್ತಿರದ, ದಪ್ಪ ಕನ್ನಡಕದ ಹೆಂಗಸು. ಹುಟ್ಟಿದ ದ್ವೀಪದಲ್ಲಿ ಮನೆ ಬಾಡಿಗೆ ಕೈಗೆಟುಕದೆ ಟೆಕ್ಸಸ್ಸಿಗೆ ಬಂದವರು, ನನ್ನ ಹಾಗೇ ಕಾಂಟ್ರ್ಯಾಕ್ಟ್ ಮೇಲಿದ್ದವರು. ಮೊದಲ ದಿನ ಬಾಯಿತಪ್ಪಿ ‘ಆಂಟಿ’ ಎಂದುಬಿಟ್ಟು ನಾಲಿಗೆ ಕಚ್ಚಿಕೊಂಡಿದ್ದೆ. ಅವರು ನಕ್ಕು, “ನಮ್ಮಲ್ಲೂ ಹಿರಿಯರನ್ನ ಹಾಗೇ ಕರೆಯೋದು, ಹಾಗೇ ಇರಲಿ” ಅಂದರು. ಅವರು ಮಾತಾಡುತ್ತಿದ್ದದ್ದು ಇಂಗ್ಲಿಷು. ನನ್ನ ನೆನಪಿನಲ್ಲಿ ಉಳಿದಿರುವುದು ಮಾತ್ರ ಯಾಕೋ ಕನ್ನಡದಲ್ಲಿ.

ಇನ್ನು ನನ್ನ ಅಣ್ಣನ ವಿಷಯ. ಅವನು ಹ್ಯೂಸ್ಟನ್ನಿನ ಆಚೆ ಫುಲ್‌ಶೀರ್‌ನಲ್ಲಿದ್ದ. ಈ ದೇಶಕ್ಕೆ ಬಂದ ಹೊಸದರಲ್ಲಿ ಎಂಟು ತಿಂಗಳು ಅವನ ಮನೆಯಲ್ಲೇ ಉಂಡವನು ನಾನು. ಡ್ರೈವಿಂಗ್ ಕಲಿತದ್ದೂ ಅವನ ಕಾರಿನಲ್ಲಿ, ಅದರ ಬಂಪರ್ ಒಡೆದದ್ದೂ ನಾನೇ. ಆದರೂ ಆಗ ನಾವು ಮಾತು ಬಿಟ್ಟು ಎರಡು ವರ್ಷವಾಗಿತ್ತು. ಅಮ್ಮನ ತಿಥಿಯ ದಿನ ನಾನು ತಡವಾಗಿ ಹೋಗಿ, ಎಲೆಯ ಮುಂದೆ ಕೂತು ಲ್ಯಾಪ್‌ಟಾಪ್ ತೆರೆದಿದ್ದೆ. “ನೆಂಟನ ಥರ ಬರೋದಾದ್ರೆ ಬರಲೇಬೇಡ” ಅಂದ. “ಸರಿ, ಬರಲ್ಲ” ಅಂದೆ. ಅಷ್ಟೇ. ಆಮೇಲೆ ಹಬ್ಬಕ್ಕೊಂದು ವಾಟ್ಸಾಪ್ ಕಾರ್ಡು ಕಳಿಸುತ್ತಿದ್ದೆ. ಅವನು ಕೈಮುಗಿದ ಚಿತ್ರ ಕಳಿಸುತ್ತಿದ್ದ.

ಒಂದು ಗುರುವಾರ ಅತ್ತಿಗೆಯ ಫೋನು ಬಂತು. “ಸೋಮವಾರ ನಿಮ್ಮಣ್ಣಂಗೆ ಬೈಪಾಸು ಕಣಪ್ಪ. ನಿಂಗೆ ಹೇಳ್ಬೇಡ ಅಂದಿದಾರೆ. ನಾನು ಹೇಳಿಲ್ಲ ಅಂತ್ಲೇ ಇಟ್ಕೋ.”

ನಾನು ಏನು ಮಾಡಿದೆ ಗೊತ್ತೇ? ಕಾರ್ಡು ಹುಡುಕಿದೆ. ಸಮುದ್ರ, ತೆಂಗಿನ ಮರ, ‘ಒಹಾನ’ ಎಂಬ ಬಂಗಾರದ ಅಕ್ಷರ. ಊಟದ ಹೊತ್ತಿನಲ್ಲಿ ಅದನ್ನು ಮಾಲಿಯಾ ಆಂಟಿಗೆ ತೋರಿಸಿ, “ಹುಷಾರಿಲ್ಲದವರಿಗೆ ಇದು ಸರಿಹೋಗುತ್ತಾ?” ಎಂದು ಕೇಳಿದೆ.

ಅವರು ಅದನ್ನು ನೋಡಿ, ಯಾರಿಗೆ, ಏನಾಗಿದೆ ಎಂದು ಕೇಳಿದರು. ಹೇಳಿದೆ. ಎರಡು ವರ್ಷದ್ದನ್ನೂ ಹೇಳಿದೆ. ನನ್ನ ಕಾಲ ಹತ್ತಿರ ಇಂಡಿಯನ್ ಅಂಗಡಿಯಿಂದ ತಂದ ಚೀಲವಿತ್ತು. ಅದರೊಳಗಿಂದ ಇಣುಕುತ್ತಿದ್ದ ಕೆಸುವಿನ ಗೆಡ್ಡೆಯೊಂದನ್ನು ಎತ್ತಿಕೊಂಡು, “ಇದನ್ನ ನೀವು ತಿಂತೀರಾ?” ಅಂದರು. ಅವರ ಮುಖದಲ್ಲಿ ಅಷ್ಟು ಬೆಳಕನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಕೆಸುವಿಗೆ ಅವರಲ್ಲಿ ‘ಕಾಲೋ’ ಎಂದು ಹೆಸರು. ಅದನ್ನು ಬೇಯಿಸಿ ಅರೆದರೆ ಪೋಯಿ, ನಮಗೆ ಮುದ್ದೆ ಇದ್ದ ಹಾಗೆ. ಗೆಡ್ಡೆಯ ಪಕ್ಕ ಉಬ್ಬಿದ್ದ ಮೊಳಕೆಯನ್ನು ಉಗುರಿನಿಂದ ಮುಟ್ಟಿ ತೋರಿಸಿದರು. “ತಾಯಿಗೆಡ್ಡೆಯ ಪಕ್ಕ ಹೀಗೆ ಹುಟ್ಟೋ ಮರಿಗೆ ಒಹಾ ಅಂತೀವಿ. ಒಹಾನ ಬಂದದ್ದು ಅದರಿಂದ. ಒಂದೇ ಬುಡದಿಂದ ಒಡೆದವರು. ಸಾಕಿಕೊಂಡ ಮಕ್ಕಳೂ ಅದರೊಳಗೇ. ಆದರೆ ಬುಡಕ್ಕೆ ನೀರು ಕಟ್ಟೋರು, ಕಳೆ ಕೀಳೋರು ಬೇಕಲ್ಲ? ಒಹಾನ ಅಂದರೆ ಆ ಕೆಲಸ. ಬರಿಯ ಪ್ರೀತಿ ಅಲ್ಲ.”

ಆಮೇಲೆ ಒಂದು ಕಥೆ ಹೇಳಿದರು. ದೇವರಿಗೆ ಹುಟ್ಟಿದ ಮೊದಲ ಮಗು ಜೀವವಿಲ್ಲದೆ ಹುಟ್ಟಿತು. ಮಣ್ಣು ಮಾಡಿದ ಕಡೆ ಕೆಸುವಿನ ಗಿಡ ಎದ್ದು, ಅದರ ಎಲೆ ಗಾಳಿಗೆ ನಡುಗಿತು. ಎರಡನೆಯ ಮಗುವಿಗೆ ಅಣ್ಣನ ಹೆಸರನ್ನೇ ಇಟ್ಟರು, ಹಾಲೋವಾ ಎಂದು. ಅವನ ಸಂತತಿಯೇ ಹವಾಯಿಯ ಜನ. “ಅಂದರೆ ಕೆಸು ನಮಗೆ ಅಣ್ಣ. ತಮ್ಮ ಅಣ್ಣನನ್ನ ನೋಡ್ಕೋಬೇಕು, ಅಣ್ಣ ತಮ್ಮನಿಗೆ ಉಣ್ಣಿಸಬೇಕು. ನಿಮ್ಮಣ್ಣ ಉಣ್ಣಿಸಿದಾರಲ್ಲ?”

ನಾನು ಊಟದ ಡಬ್ಬಿ ಮುಚ್ಚಿದೆ.

“ಹೋಗಲಿ, ಬರಿಯ ಅಲೋಹಾ ಅಂತ ಬರೆದು ಕಳಿಸಿದರೆ?” ಎಂದೆ. ಕೈಬಿಡುವ ಜಾತಿಯಲ್ಲ ನಾನು.

“ಅಲೋಹಾ ಅಂತ ನಾವೂ ಫೋನ್ ಎತ್ತಿದಾಗ ಅಂತೀವಿ. ನಮಸ್ಕಾರ ಅಂದರೆ ಸುಳ್ಳಲ್ಲ. ಆದರೆ ಸತ್ತವರ ಮನೆಯಲ್ಲೂ ಅದೇ ಮಾತು ಆಡ್ತೀವಿ. ಪ್ರೀತಿ, ಮರುಕ, ಅಗಲೋ ಸಂಕಟ, ಎಲ್ಲ ಅದೇ.” ಅಲೋ ಎಂದರೆ ಮುಖ, ಎದುರು, ಹಾ ಎಂದರೆ ಉಸಿರು ಎಂದು ಹಿರಿಯರು ಬಿಡಿಸಿ ಹೇಳುತ್ತಾರಂತೆ. ಓದಿದವರು ಹಾಗಲ್ಲ ಎನ್ನುತ್ತಾರಂತೆ. ಮಾತು ಅದಕ್ಕಿಂತ ಹಳೆಯದು, ದಕ್ಷಿಣದ ದ್ವೀಪಗಳಲ್ಲೂ ಅದರ ಬಳಗದ ಮಾತುಗಳಿವೆ, ಅಲ್ಲೂ ಪ್ರೀತಿ ಎಂದೇ ಅರ್ಥ. “ಯಾರು ಸರಿ ಅಂತ ನಾನು ಜಗಳ ಆಡಲ್ಲ. ಆದರೆ ನಮ್ಮಜ್ಜಿ ಬಂದವರ ಹಣೆಗೆ ಹಣೆ, ಮೂಗಿಗೆ ಮೂಗು ಒತ್ತಿ ಒಟ್ಟಿಗೆ ಉಸಿರು ಎಳ್ಕೋತಿದ್ದರು. ಅದಕ್ಕೆ ಅಲ್ಲಿ ಇರಬೇಕು. ನೀವು ಇಲ್ಲಿದೀರಿ.” ಊಟ ಮುಗಿಸಿ ಏಳುತ್ತಾ, “ನಮ್ಮಲ್ಲಿ ತಾಳ್ಮೆಗೆ ಅಹೋನುಯಿ ಅಂತಾರೆ. ದೊಡ್ಡ ಉಸಿರು ಅಂತ ಅರ್ಥ. ಸುಸ್ತಾದವರಿಗೂ ಉಸಿರಿರುತ್ತೆ” ಅಂದರು.

ಶನಿವಾರ ಬೆಳಿಗ್ಗೆ ಹೊರಟು ಐದು ತಾಸು ಡ್ರೈವ್ ಮಾಡಿ ಫುಲ್‌ಶೀರ್ ತಲುಪಿದೆ. ದಾರಿಯಲ್ಲಿ ಎರಡು ಸಲ ವಾಪಸ್ ಹೋಗೋಣ ಎನಿಸಿತು. ಎರಡನೆಯ ಸಲ ಎಕ್ಸಿಟ್ ಕೂಡ ತೆಗೆದುಕೊಂಡಿದ್ದೆ, ಕಾಫಿ ಕುಡಿದು ಮತ್ತೆ ಹೈವೇ ಹತ್ತಿದೆ. ಬಾಗಿಲು ತೆರೆದವನು ಅಣ್ಣನೇ. ಬನಿಯನ್ನಿನೊಳಗೆ ಇಳಿದುಹೋಗಿದ್ದ.

“ಯಾರೋ ಹೇಳಿದ್ದು ನಿಂಗೆ?”

“ಯಾರೂ ಹೇಳಿಲ್ಲ.”

“ಅವಳೇ ಹೇಳಿರ್ತಾಳೆ” ಎಂದು ಒಳಗೆ ನಡೆದ. ಹಣೆಗೆ ಹಣೆ ಒತ್ತುವ ಧೈರ್ಯ ನನಗೆಲ್ಲಿಂದ ಬರಬೇಕು? ಚಪ್ಪಲಿ ಬಿಟ್ಟು ಹಿಂದೆಯೇ ಹೋದೆ.

ಅತ್ತಿಗೆ ಬಡಿಸುತ್ತಿದ್ದಂತೆ ಅವನು ತಿಥಿಯ ಮಾತು ಎತ್ತಿದ. ಪೋಯಿಯ ಬಟ್ಟಲು ತೆರೆದಿರುವಾಗ ಜಗಳವಾಡಬಾರದು, ಅಲ್ಲಿ ಹಿರಿಯಣ್ಣ ಕೂತಿರುತ್ತಾನೆ ಎಂದು ಮಾಲಿಯಾ ಆಂಟಿ ಹೇಳಿದ್ದು ನೆನಪಾಗಿ ಅದನ್ನೇ ಹೇಳಿದೆ. ಅಣ್ಣ ನನ್ನನ್ನು ನೋಡಿ, “ಯಾವ ದೇಶದ ಶಾಸ್ತ್ರಾನೋ ಇದು?” ಎಂದು ಅನ್ನ ಕಲಸಿದ. ಊಟವಾದ ಮೇಲೆ ಮಾತ್ರ ಬಿಡಲಿಲ್ಲ. ಒಂದೂವರೆ ಗಂಟೆ ಬೈದ. ನಾನೂ ಹೇಳುವುದೆಲ್ಲ ಹೇಳಿದೆ. ಕೊನೆಗೆ ಇಬ್ಬರಿಗೂ ಮಾತು ಮುಗಿದು ಸೋಫಾದ ಎರಡು ತುದಿಯಲ್ಲಿ ಕೂತಿದ್ದಾಗ ಅವನು ಮೆಲ್ಲಗೆ, “ಭಯ ಆಗ್ತಿದೆ ಕಣೋ” ಅಂದ. ನಾನು ಎದ್ದು ಅವನ ತುದಿಗೆ ಹೋಗಿ ಕೂತೆ. ನಾವು ಅಪ್ಪಿಕೊಳ್ಳುವ ಮನೆಯವರಲ್ಲ. ಅವನ ಉಸಿರು ಕೇಳಿಸುವಷ್ಟು ಹತ್ತಿರ ಕೂತೆ, ಅಷ್ಟೇ.

ಆಪರೇಷನ್ ಚೆನ್ನಾಗಿಯೇ ಆಯಿತು. ಒಂದು ವಾರ ರಜೆ ಹಾಕಿ ಅವನಿಗೆ ಎದ್ದು ಕೂರುವುದನ್ನೂ ಕೆಮ್ಮುವುದನ್ನೂ ಕಲಿಸುವ ನರ್ಸಿನ ಕೈಕೆಳಗೆ ಕೆಲಸ ಮಾಡಿದೆ. ಪ್ಲೇನೋಗೆ ಬಂದಾಗ ಮಾಲಿಯಾ ಆಂಟಿಯ ಮೇಜು ಖಾಲಿ. ಕೆಲಸದಿಂದ ತೆಗೆದವರ ಬಗ್ಗೆ ‘ನಮ್ಮ ಒಹಾನದ ಕೆಲವರಿಗೆ ವಿದಾಯ’ ಎಂದು ಬಂದಿದ್ದ ಮೇಲ್‌ನಲ್ಲಿ ಅವರಂಥ ಕಾಂಟ್ರ್ಯಾಕ್ಟರುಗಳ ಹೆಸರೂ ಇರಲಿಲ್ಲ. ಫೋನ್ ಮಾಡಿದೆ. ಅವರು ಮಗಳ ಊರಿಗೆ ಹೊರಟಿದ್ದರು. “ಅಣ್ಣ?” ಎಂದು ಕೇಳಿದರು. “ಚೆನ್ನಾಗಿದಾನೆ, ಬೈತಿದಾನೆ” ಅಂದೆ. ಆಮೇಲೆ ಅವರು ಅಲೋಹಾ ಅಂದರು. ನಾನು ತಿರುಗಿ ಅನ್ನಲಾರದೆ, ಕನ್ನಡದಲ್ಲಿ, “ಬರ್ತೀನಿ ಆಂಟಿ” ಅಂದೆ. ಅರ್ಥವಾಯಿತೋ ಇಲ್ಲವೋ.

ಈಗಲೂ ನಾನು ಸುಸ್ತಾಗಿಯೇ ಇದ್ದೇನೆ. ಆಫೀಸು ಬದಲಾಗಿದೆ, ಗಂಟೆಗಳು ಬದಲಾಗಿಲ್ಲ. ಕಾರ್ಡು ಕಳಿಸುವುದನ್ನು ಬಿಟ್ಟಿರುವುದರಿಂದ ನೆಂಟರಲ್ಲಿ ಒರಟ ಎಂದು ಹೆಸರಾಗಿದ್ದೇನೆ. ತಿಂಗಳಿಗೊಮ್ಮೆ ಫುಲ್‌ಶೀರ್‌ಗೆ ಹೋಗುತ್ತೇನೆ. ಹೋದಾಗೆಲ್ಲ ಒಂದು ಜಗಳ. ಕಳೆದ ಭಾನುವಾರ ಗ್ಯಾರೇಜಿನ ಬಾಗಿಲು ಯಾರಿಂದ ರಿಪೇರಿ ಮಾಡಿಸಬೇಕೆಂದು ಎಷ್ಟು ಕೂಗಾಡಿದೆವೆಂದರೆ, ನಾನು ಹೊರಟಾಗ ಅವನು ಆಚೆ ಕೂಡ ಬರಲಿಲ್ಲ. ಇವತ್ತು ಬೆಳಿಗ್ಗೆ ಅವನೇ ಫೋನ್ ಮಾಡಿದ.

“ಮುಂದಿನ ತಿಂಗಳು ಬರ್ತೀಯಾ ತಾನೆ?”

“ಬರ್ತೀನಿ” ಅಂದೆ.