ನಲ್ಲಿಯಂಗಳಕ್ಕೆ ಒಂದು ಕಾರಣ

ನನ್ನ ಥೀಸಿಸ್ಸಿನ ವರದಿ ಬೊಂಬಾಯಿಯಿಂದ ಅಂಚೆಯಲ್ಲಿ ವಾಪಸು ಬಂದಾಗ ಅದರ ಪುಟಗಳ ಅಂಚಿನಲ್ಲಿ ಕೆಂಪು ಪೆನ್ಸಿಲ್ಲಿನ ಒಂದೇ ಪದ ಮತ್ತೆ ಮತ್ತೆ ಕಾಣುತ್ತಿತ್ತು: ‘ಯಾಕೆ?’ ಮನೆಗಳನ್ನು ಮೆಟ್ಟಿಲಿನಂತೆ ಇಳಿಸಿದ್ದೇನೆ ಎಂದು ಬರೆದಿದ್ದೆ. ಯಾಕೆ? ಮುಂಬಾಗಿಲಿಗೆ ಬಾಗಿದ ಕಮಾನಿನ ಚಾವಣಿ. ಯಾಕೆ? ನಡುವೆ ದುಂಡಗಿನ ಅಂಗಳ, ಅದರ ಮಧ್ಯೆ ಎಲ್ಲರಿಗೂ ಸೇರಿದ ನಲ್ಲಿ. ಇಲ್ಲಿ ಮೇಷ್ಟ್ರು ‘ಯಾಕೆ’ಯ ಕೆಳಗೆ ಎರಡು ಗೆರೆ ಎಳೆದಿದ್ದರು. ನನಗೆ ಸಿಟ್ಟು ನೆತ್ತಿಗೇರಿತು. ಚೆಂದ ಕಾಣುತ್ತದೆ, ಅದಕ್ಕೇ. ಇನ್ನೇನು ಹೇಳಬೇಕಿತ್ತು?

ಐವತ್ತರ ದಶಕದ ಕೊನೆಯ ಮಾತು ಇದು. ಆಗ ನಮ್ಮೂರಲ್ಲಿ ಆರ್ಕಿಟೆಕ್ಚರ್ ಕಲಿಸುವ ಕಾಲೇಜು ಇರಲಿಲ್ಲ, ನಾನು ಬೊಂಬಾಯಿಯಲ್ಲಿ ಓದುತ್ತಿದ್ದೆ. ಕೊನೆಯ ವರ್ಷದ ಥೀಸಿಸ್ಸಿಗೆ ರಾಜಾಜಿನಗರದ ನಮ್ಮ ಮನೆಗೆ ಬಂದು ಕೂತಿದ್ದೆ. ವಿಷಯ ಮಿಲ್ ಕಾರ್ಮಿಕರ ಮನೆಗಳು. ಮಾಗಡಿ ರಸ್ತೆಯ ಕಡೆಗೆ ಇಳಿಯುವ ಬಂಡೆನೆಲದಲ್ಲಿ ಒಂದು ಮಿಲ್ಲಿನವರು ತಮ್ಮ ಕೆಲಸಗಾರರಿಗೆ ನಿಜವಾಗಿಯೂ ಮನೆ ಕಟ್ಟಿಸುವವರಿದ್ದರು. ಅಲ್ಲಿಯ ಎಂಜಿನಿಯರರ ಕೈಕಾಲು ಹಿಡಿದು ಆ ಜಾಗದ ಸರ್ವೆ ನಕ್ಷೆ ತಂದಿದ್ದೆ. ಅವರು ಹಾಕಿದ ಷರತ್ತು ಒಂದೇ, ವರದಿ ಮುಗಿದ ಮೇಲೆ ತಮಗೂ ಒಂದು ಪ್ರತಿ ಕೊಡಬೇಕು.

ವರದಿಯ ಜೊತೆ ಮೇಷ್ಟ್ರು ಒಂದು ಕಾಗದ ಇಟ್ಟಿದ್ದರು. ‘ನೀನು ಮೊದಲು ಚಿತ್ರ ಬರೆದು ಆಮೇಲೆ ಕಾರಣ ಹುಡುಕಿದ್ದೀಯ. ಒಂದು ಪಟ್ಟಿ ಮಾಡು. ಎಡಗಡೆ, ಆ ನಿವೇಶನದಲ್ಲಿ ನೀನು ಕಂಡದ್ದು ಅಥವಾ ಅಲ್ಲಿ ವಾಸ ಮಾಡುವವರು ಬೇಕೆಂದದ್ದು. ನಡುವೆ ನಿನ್ನ ತೀರ್ಮಾನ. ಬಲಗಡೆ ಅದು ಯಾವ ಹಾಳೆಯಲ್ಲಿ ಕಾಣುತ್ತದೆ ಎಂಬುದು. ಎಡಗಡೆ ಖಾಲಿ ಉಳಿದ ತೀರ್ಮಾನವನ್ನು ಚಿತ್ರದಿಂದ ತೆಗೆದುಹಾಕು.’ ಓದಿ ಹೇಳಿದಾಗ ಅಮ್ಮ ಅಕ್ಕಿ ಆರಿಸುತ್ತಲೇ ನಕ್ಕಳು. “ಕೂಸು ಹುಟ್ಟೋಕ್ಮುಂಚೆ ಕುಲಾವಿ ಹೊಲಿಸಿದ್ಯಲ್ಲೋ” ಅಂದಳು. ಮೇಷ್ಟ್ರ ಕಾಗದಕ್ಕಿಂತ ಅದು ಜಾಸ್ತಿ ಚುಚ್ಚಿತು.

ಸಲ್ಲಿಸುವುದಕ್ಕೆ ಮೂರು ವಾರ ಉಳಿದಿತ್ತು. ನೋಟ್‌ಬುಕ್ ಹಿಡಿದು ಜಾಗಕ್ಕೆ ಹೋದೆ. ನಕ್ಷೆ ತಂದಾಗ ಒಂದು ಸಲ ಸುತ್ತಿ ಬಂದಿದ್ದು ಬಿಟ್ಟರೆ ಅಲ್ಲಿ ನಾನು ಕೂತೇ ಇರಲಿಲ್ಲ. ಈಗ ಬೆಳಿಗ್ಗೆಯಿಂದ ಸಂಜೆಯವರೆಗೆ ಕೂತೆ. ಮಧ್ಯಾಹ್ನ ಮೂರರ ಮೇಲೆ ಪಶ್ಚಿಮದ ಬಿಸಿಲು ಕೂತಲ್ಲೇ ಸುಡುತ್ತದೆ, ಹಾಗಾಗಿ ಸಾಲುಗಳ ಉದ್ದ ಗೋಡೆ ಉತ್ತರ ದಕ್ಷಿಣಕ್ಕೆ ಮುಖ ಮಾಡಬೇಕು. ನಾನು ಅದೃಷ್ಟಕ್ಕೆ ಹಾಗೇ ಬರೆದಿದ್ದೆ. ಬಂಡೆ ಎರಡಡಿ ಕೆಳಗೇ ಸಿಗುತ್ತದೆ, ಸಿಡಿಮದ್ದು ಇಟ್ಟು ಸಮ ಮಾಡುವುದಕ್ಕಿಂತ ಇಳಿಜಾರಿನ ಜೊತೆ ಮನೆಗಳನ್ನು ಇಳಿಸುವುದು ಸರಿ. ಅದಕ್ಕೂ ಕಾರಣ ಸಿಕ್ಕಿತು. ಬಾಗಿದ ಕಮಾನಿಗೆ ಏನೂ ಸಿಗಲಿಲ್ಲ. ಮನೆಗೆ ಬಂದು ಬ್ಲೇಡಿನಿಂದ ಟ್ರೇಸಿಂಗ್ ಹಾಳೆಯ ಮೇಲಿನ ಮಸಿ ಕೆರೆದು ಅದನ್ನು ತೆಗೆದೆ. ಹೊಟ್ಟೆ ಉರಿಯಿತು, ಆದರೂ ತೆಗೆದೆ.

ಇನ್ನು ಜನರ ಮಾತು. ಆ ಜಾಗದ ಪಕ್ಕದಲ್ಲೇ ಮಿಲ್ಲಿನ ಹಳೇ ತಗಡಿನ ಸಾಲುಮನೆಗಳಿದ್ದವು. ಹೊಸ ಮನೆ ಸಿಗಬೇಕಾಗಿದ್ದದ್ದು ಅವರಿಗೇ. ಅಲ್ಲೊಬ್ಬಾಕೆ ನನ್ನನ್ನು ಕರೆದು ಕೂರಿಸಿದಳು. ಕೆಂಗೇರಿ ಕಡೆಯ ಹೆಣ್ಣುಮಗಳು, ಗಂಡ ಅದೇ ಮಿಲ್ಲಿನಲ್ಲಿ ಮಗ್ಗ ನೋಡಿಕೊಳ್ಳುತ್ತಿದ್ದ. ನಾನು ಅಕ್ಕ ಅಂದೆ, ಆಕೆ ತಮ್ಮ ಅಂದಳು. ಏನು ಕೇಳಿದರೂ ಎದ್ದು ತೋರಿಸುವುದು ಆಕೆಯ ರೀತಿ. ಒರಳು ಎಲ್ಲಿರಬೇಕು, ಸೌದೆ ಎಲ್ಲಿ ನೆನೆಯುತ್ತದೆ, ಹಿತ್ತಿಲ ಬಾಗಿಲು ಯಾಕೆ ಬೇಕು, ಎಲ್ಲವನ್ನೂ ಕೈಯಲ್ಲಿ ಅಳೆದು ತೋರಿಸಿದಳು. ನಾನು ಬರೆದುಕೊಂಡೆ. ಒರಳಿನ ಕಟ್ಟೆಯನ್ನೂ ಹಿತ್ತಿಲ ಬಾಗಿಲನ್ನೂ ಆಮೇಲೆ ಎಲ್ಲ ಮನೆಗೂ ಸೇರಿಸಿದೆ. ಜೀವನದಲ್ಲಿ ಮೊದಲ ಸಲ ನಾನು ಎಳೆದ ಗೆರೆಯ ಹಿಂದೆ ಒಬ್ಬ ಮನುಷ್ಯರ ಅಗತ್ಯ ಇದೆ ಅನ್ನಿಸಿ ಖುಷಿಯಾಗಿತ್ತು, ಸುಳ್ಳು ಹೇಳುವುದಿಲ್ಲ.

ನಲ್ಲಿಯ ವಿಷಯ ನಾನೇ ಎತ್ತಿದೆ.

“ನಡುವೆ ಒಂದು ಅಂಗಳ ಮಾಡಿ ಅಲ್ಲಿ ನಲ್ಲಿ ಇಟ್ರೆ ಹೆಂಗಕ್ಕ? ಎಲ್ರೂ ಸೇರ್ತೀರಿ, ಮಾತಾಡ್ತೀರಿ.”

ಆಕೆ ಒಳಗೆ ಕೈ ತೋರಿಸಿದಳು. ಚಾಪೆಯ ಮೇಲೆ ಗಂಡ ಮುಖದ ಮೇಲೆ ಟವೆಲ್ಲು ಹಾಕಿಕೊಂಡು ಮಲಗಿದ್ದ. ಬೆಳಿಗ್ಗೆ ಎಂಟು ಗಂಟೆ.

“ನಲ್ಲಿ ತಾವ ನಾಕು ಮಾತು ಆಡ್ಕೊಂತೀವಿ, ಅದು ನಿಜ ಕಣಪ್ಪ” ಅಂದಳು ಮೆಲ್ಲಗೆ. “ಆದ್ರೆ ರಾತ್ರಿ ಪಾಳಿ ಮುಗಿಸ್ಕೊಂಡು ಬಂದೋರು ಮಲ್ಗೋ ಹೊತ್ಗೇ ನೀರು ಬಿಡ್ತಾರೆ. ಆ ಬಿಂದಿಗೆ ಸದ್ದು, ಆ ಜಗಳ. ಮಗ್ಗದ ಸದ್ದೇ ವಾಸಿ ಅಂತಾರೆ ಇವ್ರು. ನಿದ್ದೆಗಣ್ಣಲ್ಲಿ ಮಗ್ಗದ ಮುಂದೆ ನಿಂತ್ರೆ ಬೆರಳು ಉಳೀತದಾ? ಮನೆಗೊಂದು ನಲ್ಲಿ ಅಂತ ಎಲ್ಲಾ ಸೇರಿ ಅರ್ಜಿ ಕೊಟ್ಟವ್ರೆ. ನೀನೂ ಅದ್ನೇ ಬರಿ ತಮ್ಮ.”

ಬರೆದುಕೊಂಡೆ. ಪೂರ್ತಿ, ಆಕೆಯ ಮಾತಿನಲ್ಲೇ. ಆ ಪುಟ ನನ್ನ ಹತ್ತಿರ ಈಗಲೂ ಇದೆ.

ಮನೆಗೆ ಬಂದು ಪಟ್ಟಿ ತುಂಬಿಸುತ್ತಾ ಹೋದೆ. ನಲ್ಲಿಯಂಗಳದ ಸಾಲಿಗೆ ಬಂದಾಗ ಎಡಗಡೆ ಖಾಲಿ. ಮೇಷ್ಟ್ರ ಮಾತಿನಂತೆ ಅದನ್ನು ತೆಗೆಯಬೇಕು. ಆದರೆ ಅದು ಕಮಾನಿನ ಹಾಗೆ ಕೆರೆದು ಹಾಕುವ ವಸ್ತುವಲ್ಲ. ಇಡೀ ವಿನ್ಯಾಸ ಅದರ ಸುತ್ತಲೇ ನಿಂತಿತ್ತು, ಎಲ್ಲ ಮನೆಗಳ ಮುಂಗೋಣೆಯ ಕಿಟಕಿ ಅದಕ್ಕೇ ತೆರೆಯುತ್ತಿತ್ತು. ಮನೆಗೊಂದು ನಲ್ಲಿ ಅಂದರೆ ಎರಡೆರಡು ಮನೆಗಳ ಅಡುಗೆಮನೆ ಬೆನ್ನಿಗೆ ಬೆನ್ನು ಬರಬೇಕು, ಆಗ ಕೊಳವೆ ಒಂದೇ ಗೋಡೆಯಲ್ಲಿ ಹೋಗುತ್ತದೆ. ಹಾಗೆ ಮಾಡಿದರೆ ಪ್ಲಾನು, ಸೆಕ್ಷನ್ನು, ಎಲಿವೇಶನ್ನು ಎಲ್ಲ ಹೊಸದಾಗಿ ಬರೆಯಬೇಕು. ಹತ್ತು ದಿನ ಉಳಿದಿತ್ತು. ಊಟ ನಿದ್ದೆ ಬಿಟ್ಟಿದ್ದರೆ ಆಗುತ್ತಿತ್ತು. ಆಗುತ್ತಿರಲಿಲ್ಲ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ, ಅದೆಲ್ಲ ಕುಂಟು ನೆಪ. ಆ ಅಂಗಳ ನನಗೆ ಇಷ್ಟ ಇತ್ತು. ಯಾವುದೋ ವಿದೇಶಿ ಪತ್ರಿಕೆಯಲ್ಲಿ ಕಾರಂಜಿಯ ಸುತ್ತ ಜನ ಕೂತ ಚಿತ್ರ ನೋಡಿ ಮೋಹಗೊಂಡು ಬರೆದದ್ದು ಅದು.

ನೋಟ್‌ಬುಕ್ ತೆರೆದು ಆಕೆಯ ಮಾತಿನ ಮೊದಲ ವಾಕ್ಯವನ್ನು ಮಾತ್ರ ಎತ್ತಿದೆ. ಎಡಗಡೆ ಹೀಗೆ ಬರೆದೆ: ‘ನಲ್ಲಿಯ ಬಳಿ ಸೇರಿ ಮಾತನಾಡುವುದು ನಿವಾಸಿಗಳ ರೂಢಿ, ಇದನ್ನು ಅವರೇ ತಿಳಿಸಿದ್ದಾರೆ.’ ನಡುವೆ: ‘ಆದ್ದರಿಂದ ಪ್ರತಿ ಮನೆಗೆ ನಲ್ಲಿಯ ಬದಲು ಸಾಮೂಹಿಕ ನಲ್ಲಿಯಂಗಳ.’ ಆ ‘ಆದ್ದರಿಂದ’ವನ್ನು ದುಂಡಗೆ, ಒಂದೇ ಏಟಿಗೆ ಬರೆದು ಮುಗಿಸಿದೆ. ಒಂದು ಸಾಲೂ ಖಾಲಿಯಿಲ್ಲದ ಪಟ್ಟಿ ನೋಡಿ ಹಾಯೆನಿಸಿತು.

ಮೇಷ್ಟ್ರು ಆ ಸಾಲಿನ ಪಕ್ಕದಲ್ಲಿ ‘ಬಹಳ ಚೆನ್ನಾಗಿದೆ’ ಎಂದು ಬರೆದು ಕಳಿಸಿದರು. ನಾನು ಒಂದು ಪ್ರತಿಯನ್ನು ಮಾತಿಗೆ ತಪ್ಪದೆ ಎಂಜಿನಿಯರರಿಗೆ ಕೊಟ್ಟೆ. ಅವರು ನಿಂತಲ್ಲೇ ಪುಟ ಮಗುಚಿ, ಪಟ್ಟಿ ನೋಡಿ, “ಭೇಷ್, ಇದು ನಮಗೆ ತುಂಬಾ ಉಪಯೋಗಕ್ಕೆ ಬರುತ್ತೆ ಕಣ್ರೀ” ಅಂದರು. ನಾನು ಹಿಗ್ಗಿ ಹೀರೇಕಾಯಿಯಾದೆ.

ಎರಡು ವಾರ ಕಳೆದಿರಬೇಕು. ಒಂದು ಶುಕ್ರವಾರ ಆಕೆ ನಮ್ಮ ಮನೆ ಹುಡುಕಿಕೊಂಡು ಬಂದಳು. ಅಮ್ಮ ಕೂರಲು ಹೇಳಿದರೂ ಕೂರಲಿಲ್ಲ.

“ಮನೆಗೊಂದು ನಲ್ಲಿ ಆಗಾಕಿಲ್ಲ ಅಂದ್ರಂತೆ ಆಫೀಸ್ನಾಗೆ” ಅಂದಳು. “ನಮ್ಮೋರು ಕೇಳಿದ್ದಕ್ಕೆ ಒಂದು ಪುಸ್ತಕ ತೋರ್ಸಿದ್ರಂತೆ. ನೀವೇ ಹೇಳಿದೀರಿ, ಎಲ್ಲಾರ್ಗೂ ಒಂದೇ ನಲ್ಲಿ ಸಾಕು ಅಂತ, ನಿಮ್ಮ ಮಾತೇ ಅಚ್ಚಾಗಿದೆ ನೋಡ್ರಿ ಅಂದ್ರಂತೆ. ನಾ ಹಂಗಂದ್ನಾ ತಮ್ಮ?”

“ಇಲ್ಲ ಅಕ್ಕ.”

“ಅದ್ನೇ ನಾನೂ ಅಂದೆ. ಅವ್ರು ಓದೋದ್ರಾಗೆ ತಪ್ಪಾಗಿರ್ಬೇಕು, ಆ ತಮ್ಮ ನಾ ಹೇಳಿದ್ದನ್ನೆಲ್ಲ ನನ್ನೆದ್ರಿಗೇ ಬರ್ಕೊಂಡವ್ನೆ ಅಂದೆ. ಸೋಮವಾರ ಇನ್ನೊಂದ್ಸಲ ಮಾತುಕತೆ ಐತೆ. ನೀನು ಬಂದು ಒಂದೇ ಒಂದು ಮಾತು ಹೇಳ್ಬುಡು. ನಿನ್ನ ಪುಸ್ತಕ, ನಿನ್ನ ಮಾತಿಗೆ ಅವ್ರು ಇಲ್ಲ ಅನ್ನಾಕಿಲ್ಲ.”

ಬಿಸಿತುಪ್ಪದ ಹಾಗೆ, ನುಂಗಲೂ ಆಗಲಿಲ್ಲ ಉಗುಳಲೂ ಆಗಲಿಲ್ಲ. ಬರ್ತೀನಿ ಅಕ್ಕ ಅಂದೆ. ಆಕೆ ಹೋದ ಮೇಲೆ ಲೆಕ್ಕ ಹಾಕಿದೆ. ಆಫೀಸಿನಲ್ಲಿ ನಿಂತು ಅದು ಸುಳ್ಳು ಅಂದರೆ ಎಂಜಿನಿಯರು ಸುಮ್ಮನಿರುತ್ತಾರೆಯೇ? ಕಾಲೇಜಿಗೆ ಒಂದು ಕಾಗದ ಹಾಕಿದರೆ ಐದು ವರ್ಷದ ಓದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಮೌಖಿಕ ಪರೀಕ್ಷೆ ಮುಂದಿನ ಶುಕ್ರವಾರ ಇತ್ತು. ಮಂಗಳವಾರ ಹೊರಟರೂ ಧಾರಾಳವಾಗಿ ತಲುಪುತ್ತಿದ್ದೆ. ಭಾನುವಾರದ ರೈಲಿಗೇ ಹೊರಟುಬಿಟ್ಟೆ. ಯಾಕೋ ಇಷ್ಟು ಬೇಗ ಎಂದು ಅಮ್ಮ ಕೇಳಿದಳು. ಹಾಳೆಗಳನ್ನು ಗೋಡೆಗೆ ಹಚ್ಚುವುದಿದೆ ಅಂದೆ.

ಪರೀಕ್ಷೆಯಲ್ಲಿ ಹೊರಗಿನಿಂದ ಬಂದ ಹಿರಿಯರೊಬ್ಬರು ಪಟ್ಟಿಯ ಮೇಲೆ ಬೆರಳಿಟ್ಟು ಓದುತ್ತಾ ಬಂದು ಅದೇ ಸಾಲಿನಲ್ಲಿ ನಿಂತರು. ಜನರನ್ನು ನೀನೇ ಖುದ್ದಾಗಿ ಕೇಳಿದೆಯಾ ಎಂದರು. ಕೇಳಿದೆ ಸಾರ್ ಎಂದೆ. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ, ಥೂ. ತೀರ್ಮಾನವನ್ನು ಅಗತ್ಯಕ್ಕೆ ಜೋಡಿಸುವುದು ಹೇಗೆ ಎಂದು ಉಳಿದವರು ಇವನಿಂದ ಕಲಿಯಲಿ ಎಂದು ಮೇಷ್ಟ್ರ ಮುಂದೆ ಹೊಗಳಿದರು. ಮೊದಲ ದರ್ಜೆ ಬಂತು.

ಒಂದೂವರೆ ವರ್ಷದ ಮೇಲೆ ಆ ಮನೆಗಳು ಎದ್ದವು. ಸಾಲುಗಳು ಎಂಜಿನಿಯರರವು, ಅಂಗಳ ಮತ್ತು ನಲ್ಲಿ ನನ್ನವು. ಅಷ್ಟು ಹೊತ್ತಿಗೆ ನಾನು ಊರಲ್ಲೇ ಕೆಲಸಕ್ಕೆ ಸೇರಿದ್ದೆ. ಆ ಕಡೆ ಹೋಗದೆ ತಪ್ಪಿಸಿಕೊಂಡು ಓಡಾಡುತ್ತಿದ್ದೆ. ಒಂದು ಬೆಳಿಗ್ಗೆ ನಮ್ಮ ಆಫೀಸಿನವರೇ ಪಕ್ಕದ ನಿವೇಶನ ನೋಡಲು ಕಳಿಸಿದಾಗ ಬೇರೆ ದಾರಿ ಇರಲಿಲ್ಲ. ನೀರು ಬಂದಿತ್ತು. ಸರದಿಯಲ್ಲಿ ಬಿಂದಿಗೆಗಳು ಬಡಿದಾಡುತ್ತಿದ್ದವು, ಇಬ್ಬರು ಹೆಂಗಸರು ಜಗಳಕ್ಕೆ ನಿಂತಿದ್ದರು. ಸುತ್ತ ಎಲ್ಲ ಮನೆಗಳ ಮುಂಗೋಣೆಯ ಕಿಟಕಿಗೂ ಒಳಗಿನಿಂದ ಗೋಣಿತಾಟು ಹೊಡೆದಿದ್ದರು.

ಆಕೆ ಸರದಿಯಲ್ಲಿದ್ದಳು. ನನ್ನನ್ನು ಕಂಡಳು. ಬೈಯುತ್ತಾಳೆ ಎಂದುಕೊಂಡು ಅಲ್ಲೇ ನಿಂತೆ, ಬೈದಿದ್ದರೆ ಹಗುರವಾಗುತ್ತಿತ್ತು. ಹಿಂದಿದ್ದ ಹೊಸ ಸೊಸೆಯೊಬ್ಬಳು ಯಾರಕ್ಕ ಅವ್ರು ಎಂದು ಕೇಳಿದಳು.

“ನಮ್ಗೇನು ಬೇಕು ಅಂತ ಬರ್ಕೊಂಡು ಹೋಗಿದ್ರಲ್ಲ, ಅವ್ರೇ ಕಣೇ” ಅಂದಳು, ಬಿಂದಿಗೆಯನ್ನು ನಲ್ಲಿಯ ಕೆಳಕ್ಕೆ ತಳ್ಳುತ್ತಾ.