ಅರಗು ತುಂಬಿದ ಗುಂಡಿನ ಸರ

ಸುಮತಿ, ದೊಡ್ಡಮ್ಮನ ಗುಂಡಿನ ಸರವನ್ನು ಕೆಡಿಸಿದವಳು ನಾನು. ನೀನಲ್ಲ.

ಎಪ್ಪತ್ತರ ದಶಕದ ಕೊನೆ. ಮೂಡುಬಿದಿರೆಯಲ್ಲಿ ನಿನ್ನ ಮದುವೆ. ಗೆಳತಿಯೆಂದು ನಿನ್ನನ್ನು ಸಿಂಗರಿಸಲು ಬಂಟ್ವಾಳದಿಂದ ಹಿಂದಿನ ದಿನವೇ ಬಂದಿದ್ದೆ. ನಿಮ್ಮ ಮನೆಯಲ್ಲಿದ್ದದ್ದು ಕೊರಳಿಗೆ ಅಂಟಿ ಕೂರುವ ಕೆಂಪುಕಲ್ಲಿನ ಅಡ್ಡಿಗೆ ಮತ್ತು ಎದೆಯವರೆಗೆ ಬರುವ ಕಾಸಿನ ಸರ. ಹೊಕ್ಕುಳವರೆಗಿನ ಎರಡೆಳೆ ಮೋಹನಮಾಲೆ ನನ್ನ ಅಮ್ಮನದು. ಅಡ್ಡಿಗೆಗೂ ಕಾಸಿನ ಸರಕ್ಕೂ ನಡುವೆ ಕೊರಳು ಬರಿದಾಗಿ ಕಾಣಬಾರದೆಂದು ಬೆಳ್ತಂಗಡಿಯ ನಿನ್ನ ದೊಡ್ಡಮ್ಮ ತಮ್ಮ ಗುಂಡಿನ ಸರ ಕೊಟ್ಟಿದ್ದರು.

ಚಿನ್ನ ಹೊಳೆಯಲಿ ಎಂದು ಎಲ್ಲವನ್ನೂ ಕುದಿಯುವ ಅಂಟುವಾಳದ ನೀರಿಗೆ ಹಾಕಿದೆ. ಅಡ್ಡಿಗೆಯನ್ನು ಮಾತ್ರ ಹಾಕಲಿಲ್ಲ, ಕಲ್ಲು ಸಡಿಲವಾದೀತೆಂದು. ಅಷ್ಟು ಗೊತ್ತಿತ್ತು ನನಗೆ. ಆದರೆ ಗುಂಡುಗಳು ಗಟ್ಟಿ ಚಿನ್ನವಲ್ಲ, ತೆಳು ತಗಡಿನೊಳಗೆ ಅರಗು ತುಂಬಿದವು ಎಂಬುದು — ನೀರಿನ ಮೇಲೆ ಕಂದು ಎಳೆ ತೇಲಿ ಬಂದಾಗಲೇ ಹೊಳೆದದ್ದು. ದಾರದ ತೂತುಗಳಿಂದ ಅರಗು ಕರಗಿ ಇಳಿಯುತ್ತಿತ್ತು. ಗಾಬರಿಯಲ್ಲಿ ಬಟ್ಟೆಯಿಂದ ಒತ್ತಿ ಒರೆಸಿದೆ. ಹೆಬ್ಬೆರಳ ಕೆಳಗೆ ಗುಂಡುಗಳು ತಗ್ಗಾದವು. ಐದು.

ಯಾರಿಗೂ ಹೇಳಲಿಲ್ಲ. ಬೆಳಿಗ್ಗೆ ನಿನಗೆ ಕೆಂಪು ರೇಷ್ಮೆ ಸೀರೆ ಉಡಿಸಿ, ಕಾಸಿನ ಅಂಚು ಜರಿಗೆ ಸಿಕ್ಕದಂತೆ ಸೆರಗಿನ ನೆರಿಗೆ ಬಿಗಿದೆ. ಒಂದು ಸರ ಇನ್ನೊಂದರ ಮೇಲೆ ಬೀಳದಂತೆ ಬೆನ್ನ ಹಿಂದಿನ ದಾರಗಳನ್ನು ಸರಿಮಾಡಿದೆ. ತಗ್ಗಾದ ಗುಂಡುಗಳನ್ನು ಹಿಂದೆ ಕುತ್ತಿಗೆಯ ಬಳಿಗೆ, ಜಡೆಯ ಅಡಿಗೆ ಸರಿಸಿದೆ.

“ಎಂತದೋ ಅರಗಿನ ವಾಸನೆ ಉಂಟಲ್ಲ?” ಎಂದೆ ನೀನು.

“ಹೊಸ ಸೀರೆಯದ್ದು ಮಾರಾಯ್ತಿ, ಸುಮ್ಮನೆ ಕೂತ್ಕೊ,” ಎಂದೆ ನಾನು.

ಮರುದಿನ ಸರ ಹಿಂದಿರುಗಿಸುವಾಗ ದೊಡ್ಡಮ್ಮ ಒಂದೊಂದೇ ಗುಂಡನ್ನು ಬೆರಳಲ್ಲಿ ಉರುಳಿಸಿ ನೋಡಿದರು. “ಇದನ್ನು ಹಾಕ್ಕೊಂಡೇ ಮಲಗಿದ್ದೆಯಾ ಸುಮತಿ? ನಿಮ್ಮ ಮನೆಯವರಿಗೆ ಇನ್ನೊಬ್ಬರ ಚಿನ್ನ ಅಂದರೆ ತೆಂಗಿನ ಗರಟೆಯ ಹಾಗೆ.” ನಾಲ್ಕು ಜನ ನಕ್ಕರು. ನೀನು ತಲೆ ತಗ್ಗಿಸಿದೆ. ನಾನು ಅಲ್ಲೇ, ಒಂದು ಮಾರು ದೂರದಲ್ಲಿ, ಬಾಗಿಲಿಗೆ ಒರಗಿ ನಿಂತಿದ್ದೆ — ಬಾಯಿ ತೆರೆದರೆ ಸಾಕಿತ್ತು.

ಆ ಮಾತು ನಿಮ್ಮ ನೆಂಟರಲ್ಲೆಲ್ಲ ಹರಡಿತು. ಕೆಲವು ವರ್ಷಗಳ ನಂತರ ನಿನ್ನ ತಂಗಿ ವಿಮಲಾಳ ಮದುವೆಗೆ ಒಬ್ಬರೂ ಒಂದು ಎಳೆ ಕೊಡಲಿಲ್ಲ. ಮನೆಯ ಅಡ್ಡಿಗೆ, ಕಾಸಿನ ಸರಗಳು ನಿನ್ನ ಪಾಲಿಗೆ ಬಂದಿದ್ದವು; ಅವನ್ನೇ ಅವಳಿಗೆ ಹಾಕಿ, ನೀನು ಬರೀ ಕರಿಮಣಿಯಲ್ಲಿ ಓಡಾಡಿದೆ. ಆದರೂ ಗಂಡಿನ ಕಡೆಯ ಹೆಂಗಸೊಬ್ಬರು ವಿಮಲಾಳ ಎದುರಿಗೇ, “ಮಧ್ಯದ ಸರ ಮನೆಯಲ್ಲೇ ಮರೆತು ಬಂದಿರೋ?” ಎಂದರು. ಅವಳು ಸೆರಗನ್ನು ಮೇಲಕ್ಕೆಳೆದು ಆ ಜಾಗ ಮುಚ್ಚಿಕೊಂಡಳು. ಊಟ ಮುಗಿಯುವವರೆಗೂ ಆ ಕೈ ಕೆಳಗಿಳಿಯಲಿಲ್ಲ. ನಾನು ನೋಡಿದೆ. ಆಗಲೂ —

ದೊಡ್ಡಮ್ಮ ಇನ್ನೂ ಇದ್ದಾರೆ. ಭಾನುವಾರ ಬೆಳ್ತಂಗಡಿಗೆ ಹೋಗಿ, ಮನೆಯವರೆಲ್ಲ ಕೇಳುವಂತೆ ಇದನ್ನು ಹೇಳುತ್ತೇನೆ. ನೀನು ಜೊತೆಗೆ ಬರುವುದು ಬೇಡ. ವಿಮಲಾಳಿಗೆ ಏನು ಹೇಳಬೇಕೆಂದು ಮಾತ್ರ ನನಗಿನ್ನೂ ತಿಳಿದಿಲ್ಲ.