ಎಷ್ಟು ದಿನ ಅಲ್ಲ, ಯಾವ ದಿನ

ವಿಮಾ ಕಂಪನಿಯಲ್ಲಿ ಕ್ಲೇಮುಗಳನ್ನು ಪರಿಶೀಲಿಸುವ ಆಕೆಗೆ ‘ಬರ್ದುಕೊಡಿ ಅತ್ತಿಗೆ’ ಎಂದು ಹೆಸರಿಟ್ಟವನು ಮೈದುನ. ತರಕಾರಿಯವನು ನಾಳೆ ಒಳ್ಳೆಯ ಟೊಮೆಟೊ ತರುತ್ತೇನೆಂದರೂ ಅತ್ತಿಗೆ ಸಹಿ ಹಾಕಿಸಿಕೊಳ್ಳುತ್ತಾಳೆ ಎಂಬುದು ಅವನ ಹಳೆಯ ಹಾಸ್ಯ.

ಆಕೆ ಹುಟ್ಟಾ ಹಾಗಿರಲಿಲ್ಲ. ಈಗಿನ ಆಫೀಸಿಗೆ ಸೇರುವಾಗ ಅಲ್ಲಿನ ಮ್ಯಾನೇಜರು, “ಯಾವಾಗ ಬೇಕಾದ್ರೂ ಮನೆಯಿಂದ ಕೆಲಸ ಮಾಡಿ, ನಾನಿಲ್ವಾ?” ಎಂದಿದ್ದರು. ಆರು ತಿಂಗಳಿಗೆ ಅವರೇ ಇಲ್ಲವಾದರು, ಬೇರೆ ಕಂಪನಿ ಸೇರಿದರು. ಹೋಗುವಾಗ ಮಾತನ್ನೂ ಜೊತೆಗೆ ಕೊಂಡೊಯ್ದರು. ಹೊಸ ಮ್ಯಾನೇಜರಿಗೆ ಎಲ್ಲರೂ ವಾರವಿಡೀ ಕಣ್ಣೆದುರೇ ಇರಬೇಕು. ಅಷ್ಟರಲ್ಲಿ ಅತ್ತೆಯ ಮೂತ್ರಪಿಂಡ ಕೈಕೊಟ್ಟಿತು. ಮಂಗಳವಾರ, ಗುರುವಾರ, ಶನಿವಾರ ಡಯಾಲಿಸಿಸ್. ಶನಿವಾರ ಗಂಡನದು, ಉಳಿದೆರಡು ಇವಳದು. ರಜೆಯ ಡಬ್ಬದಲ್ಲಿ ತಳ ಕಾಣುತ್ತಿತ್ತು. ಬೇರೆ ಕೆಲಸ ಹುಡುಕಿದಳು.

ಇನ್ನೊಂದು ವಿಮಾ ಕಂಪನಿಯ ಸಂದರ್ಶನಗಳೆಲ್ಲ ಮುಗಿದ ಮೇಲೆ ಅಲ್ಲಿನ ರಿಕ್ರೂಟರ್ ಫೋನ್ ಮಾಡಿದ. ದೇಶವನ್ನೇ ಬರೆದುಕೊಡುವವನ ಗತ್ತು.

“ಕಂಗ್ರಾಟ್ಸ್ ಮೇಡಂ! ನಮ್ದು ಹೈಬ್ರಿಡ್. ವಾರಕ್ಕೆ ಎರಡು ದಿನ ಮನೆಯಿಂದ. ಇನ್ನೇನು ಬೇಕು ಹೇಳಿ?”

“ಯಾವ ಎರಡು ದಿನ ಸರ್?”

ಆ ಕಡೆ ಕಾಗದ ಮಗುಚುವ ಸದ್ದು. ಇಷ್ಟು ದಿನ ಎಲ್ಲರೂ ‘ಎಷ್ಟು’ ಎಂದು ಕೇಳಿದ್ದರೇ ಹೊರತು ‘ಯಾವ’ ಎಂದವರಿರಲಿಲ್ಲವೇನೋ.

“ಅದೆಲ್ಲ ಫ್ಲೆಕ್ಸಿಬಲ್ ಮೇಡಂ. ಸೇರ್ಕೊಂಡ ಮೇಲೆ ನೋಡ್ಕೊಳ್ಳೋಣ.”

“ನೋಡ್ಕೊಳ್ಳೋರು ಯಾರು? ನೀವಾ, ಟೀಮ್ ಲೀಡಾ? ಇಡೀ ಕಂಪನಿದು ಬೇಡ, ನಾನು ಸೇರೋ ಟೀಮ್ ಯಾವತ್ತು ಬರುತ್ತೆ ಅಂತ ಕೇಳಿ ಹೇಳ್ತೀರಾ?”

ಮರುದಿನ ಅವನೇ ಉತ್ಸಾಹದಿಂದ ಹೇಳಿದ: ಟೀಮು ಬರುವುದು ಮಂಗಳವಾರ, ಬುಧವಾರ, ಗುರುವಾರ. ಸೋಮವಾರ, ಶುಕ್ರವಾರ ಮನೆ. “ವಾರಾಂತ್ಯಕ್ಕೆ ಅಂಟಿಕೊಂಡೇ ಇದೆ ಮೇಡಂ, ಮಜಾ!”

ಆಕೆ ನಗಲಿಲ್ಲ. ಎರಡು ದಿನ ಕೊಟ್ಟಿದ್ದರು, ಬೇಡದ ಎರಡು. ಕಣ್ಣಿಗೆ ಕನ್ನಡಕ ಕೇಳಿದವನಿಗೆ ಕಾಲಿಗೆ ಚಪ್ಪಲಿ ಕೊಟ್ಟ ಹಾಗೆ.

ಮೈದುನ ಉಪದೇಶಕ್ಕೆ ಕುಳಿತ. ಅವನು ಯಾವ ಕೆಲಸದಲ್ಲೂ ವರ್ಷ ತುಂಬಿಸಿದವನಲ್ಲ, ಹಾಗಾಗಿ ಕೆಲಸಕ್ಕೆ ಸೇರುವುದರಲ್ಲಿ ಅವನಷ್ಟು ಅನುಭವ ಮನೆಯಲ್ಲಿ ಇನ್ನಾರಿಗೂ ಇರಲಿಲ್ಲ. “ಅತ್ತಿಗೆ, ಮೊದಲು ಒಳಗೆ ಕಾಲಿಡಿ. ಆಮೇಲೆ ಅಮ್ಮನ ವಿಷಯ ಹೇಳಿದ್ರೆ ಯಾರಾದ್ರೂ ಕರಗ್ತಾರೆ.”

“ಕರಗಿದವರು ಕೆಲಸ ಬಿಟ್ಟು ಹೋಗ್ತಾರಪ್ಪ,” ಎಂದಳು ಅತ್ತಿಗೆ.

ಟೀಮ್ ಲೀಡ್ ಜೊತೆ ಹತ್ತು ನಿಮಿಷ ಮಾತಾಡಲು ಅವಕಾಶ ಕೇಳಿ ಪಡೆದಳು. ಲೀಡ್ ಕಡಿಮೆ ಮಾತಿನ ಹೆಂಗಸು, ದನಿಯಲ್ಲಿ ಇವಳಷ್ಟೇ ಸುಸ್ತು. ಎಲ್ಲರೂ ಕೂತು ತಕರಾರಿನ ಕ್ಲೇಮುಗಳನ್ನು ಚರ್ಚಿಸುವುದು ಬುಧವಾರ ಮಾತ್ರವಂತೆ. ಮಂಗಳವಾರ, ಗುರುವಾರ ಬರುವುದು ರೂಢಿ.

“ಹಾಗಾದ್ರೆ ನಾನು ಸೋಮ, ಬುಧ, ಶುಕ್ರ ಬರ್ತೀನಿ. ಮಂಗಳ, ಗುರು ಮನೆ. ಬೆಳಿಗ್ಗೆ ಬೇಗ ಶುರು ಮಾಡ್ತೀನಿ. ಅತ್ತೇನ ಆಸ್ಪತ್ರೆಗೆ ಬಿಡೋಕೆ, ಕರ್ಕೊಂಡು ಬರೋಕೆ ನಡುವೆ ಎರಡು ಸಲ ಅರ್ಧರ್ಧ ಗಂಟೆ ಇರಲ್ಲ. ಅಷ್ಟನ್ನ ಸಂಜೆ ತುಂಬಿಸ್ತೀನಿ.”

“ಸೋಮವಾರ ಇಲ್ಲಿ ಸೀಟೂ ಖಾಲಿ. ನನಗೆ ತೊಂದರೆ ಇಲ್ಲಮ್ಮ.”

ಆ ಸಂಜೆಯೇ ಆಕೆ ಲೀಡ್‌ಗೂ ರಿಕ್ರೂಟರ್‌ಗೂ ಒಟ್ಟಿಗೇ ಇಮೇಲ್ ಕಳಿಸಿದಳು. ‘ಇಂದು ಮಾತಾಡಿದಂತೆ’ ಎಂದು ಶುರು. ಯಾವ ದಿನ ಎಲ್ಲಿ, ಬಿಡುವು ಎಷ್ಟು, ಬದಲಿಸಬೇಕಾದರೆ ಒಂದು ತಿಂಗಳು ಮೊದಲೇ ಲಿಖಿತ ಸೂಚನೆ. ಇದನ್ನು ಆಫರ್ ಲೆಟರಿನಲ್ಲಿ ಸೇರಿಸಿ ಎಂಬ ಕೋರಿಕೆ.

ರಿಕ್ರೂಟರ್ ನೊಂದುಕೊಂಡ. “ಮೇಡಂ, ನಂಬಿಕೆ ಅಂತ ಒಂದಿರುತ್ತಲ್ವಾ?”

“ನಿಮ್ಮ ಮೇಲೆ ನಂಬಿಕೆ ಇದೆ ಸರ್. ನಿಮ್ಮ ಜಾಗಕ್ಕೆ ಬರೋರ ಪರಿಚಯ ನನಗಿಲ್ಲ.”

ಆಫರ್ ಲೆಟರ್ ಬಂತು. ಅದರಲ್ಲಿ ಒಂದೇ ಸಾಲು: ‘ಕಂಪನಿಯ ನಿಯಮದಂತೆ ಹೈಬ್ರಿಡ್.’ ಆಕೆ ಸಹಿ ಮಾಡಲಿಲ್ಲ, ಹಳೆಯ ಕೆಲಸಕ್ಕೆ ರಾಜೀನಾಮೆಯನ್ನೂ ಕೊಡಲಿಲ್ಲ. ‘ನಮೂನೆ ಬದಲಿಸಲಾಗದಿದ್ದರೆ ಅನುಬಂಧ ಸೇರಿಸಬಹುದೇ?’ ಎಂದು ಮತ್ತೆ ಬರೆದಳು. ನಾಲ್ಕು ದಿನ ಸದ್ದಿಲ್ಲ. ಮೈದುನ ಮಾತ್ರ ದಿನಕ್ಕೆರಡು ಸಲ, “ಕೈಗೆ ಬಂದ ತುತ್ತು...” ಎನ್ನುತ್ತಿದ್ದ.

ಐದನೆಯ ದಿನ ಅನುಬಂಧ ಬಂತು. ಮಂಗಳ, ಗುರು ಮನೆ. ಆರು ತಿಂಗಳ ನಂತರ ಪರಿಶೀಲನೆ. ಆಕೆ ಇನ್ನೊಂದೇ ಸಾಲು ಕೇಳಿದಳು: ಲಿಖಿತವಾಗಿ ಬದಲಿಸುವವರೆಗೆ ಇದೇ ಮುಂದುವರಿಯುತ್ತದೆ. ಸೇರಿಸಿದರು. ಮೇಲೆ ರಿಕ್ರೂಟರ್‌ನ ಷರಾ: ‘ಇನ್ನಾದರೂ ಸಹಿ ಮಾಡಿ ಮೇಡಂ.’

ಮಾಡಿದಳು. ಗೆದ್ದ ಖುಷಿ ಬರುತ್ತದೇನೋ ಎಂದು ಸ್ವಲ್ಪ ಹೊತ್ತು ಕಾದಳು. ಆಕಳಿಕೆ ಬಂತು.

“ಕೆಲಸ ಸಿಕ್ತೇನೇ?” ಮಂಚದಿಂದ ಅತ್ತೆ ಕೇಳಿದರು.

“ಸಿಕ್ತು ಅತ್ತೆ. ಮಂಗಳವಾರ, ಗುರುವಾರಾನೂ ಸಿಕ್ತು.”

“ನಮ್ಮ ಕಾಲದಲ್ಲಿ ವಾರಗಳು ಪುಕ್ಕಟೆ ಬರ್ತಿದ್ವು ಕಣೆ.”

ಆಕೆ ನಕ್ಕಳು. ಆಮೇಲೆ ಹಳೆಯ ಆಫೀಸಿಗೆ ರಾಜೀನಾಮೆ ಬರೆದು, ಅಲ್ಲಿ ನೋಟಿಸ್ ಅವಧಿಯ ಎರಡು ತಿಂಗಳು ಇನ್ನೂ ದುಡಿಯಬೇಕೆಂದು ನೆನಪಾಗಿ, ಅದರ ಬೆನ್ನಿಗೇ ನಾಳೆಯ ಮಂಗಳವಾರಕ್ಕೊಂದು ರಜೆ ಅರ್ಜಿಯನ್ನೂ ಬರೆದಳು.